ಮಳಿಗೆ ನಾಲ್ಕಾದರೂ ಸರ್ವಿಸ್ ಒಂದೇ ಥರ ಇರಬೇಕಾದರೆ

ಪ್ರಶ್ನೆ: ನನ್ನ ಮೊಬೈಲ್ ರಿಪೇರಿ ಮಳಿಗೆ ಚೆನ್ನಾಗಿ ನಡೀತಿದೆ. ಇನ್ನೂ ಮೂರು ತೆರೆದು, ಆಮೇಲೆ ಫ್ರಾಂಚೈಸಿ ಕೊಡೋಣ ಅಂತಿದ್ದೇನೆ. ಎಲ್ಲ ಕಡೆ ಒಂದೇ ಥರ ಸರ್ವಿಸ್ ಸಿಗೋ ಹಾಗೆ ಮಾಡೋದು ಹೇಗೆ?

ಕೌಂಟರಿನಲ್ಲಿ ಫೋನ್ ತಗೊಳ್ಳುವ ಹೊತ್ತಿನಿಂದ ಶುರುಮಾಡಿ. "ಈ ಗೀರು ಮೊದಲು ಇರಲಿಲ್ಲ", "ಇಷ್ಟಾಗುತ್ತೆ ಅಂತ ಹೇಳಲೇ ಇಲ್ಲ" ಅನ್ನುವ ಜಗಳಗಳ ಬೇರು ಅಲ್ಲೇ ಇರುತ್ತದೆ.

ನಾನು ಸರ್ವಿಸ್ ಸೆಂಟರುಗಳಲ್ಲಿ ತರಬೇತಿ ನೋಡಿಕೊಳ್ಳುವವನು. ಎಷ್ಟೋ ಕೈಪಿಡಿಗಳಲ್ಲಿ "ಫೋನನ್ನು ಸರಿಯಾಗಿ ಪರೀಕ್ಷಿಸಿ" ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಸರಿಯಾಗಿ ಅಂದರೆ ಏನು? ಒಬ್ಬೊಬ್ಬರಿಗೆ ಒಂದೊಂದು. ಅದರ ಬದಲು ಹೀಗೆ ಬರೆಯಿರಿ: ಗ್ರಾಹಕರ ಎದುರಿಗೇ ಟಚ್, ಚಾರ್ಜಿಂಗ್, ಕ್ಯಾಮೆರಾ, ಮೈಕ್, ಸ್ಪೀಕರ್ ನೋಡಬೇಕು. ಗೀರು, ಬಿರುಕುಗಳನ್ನು ಜಾಬ್ ಕಾರ್ಡಿನಲ್ಲಿ ಗುರುತು ಹಾಕಬೇಕು. ಫೋನ್ ಆನ್ ಆಗದಿದ್ದರೆ "ಪರೀಕ್ಷಿಸಲು ಆಗಲಿಲ್ಲ" ಅಂತ ಬರೆಯಬೇಕು. ಅಂದಾಜು ಖರ್ಚು ಹೇಳಿ, ಸಹಿ ಹಾಕಿಸಿಕೊಂಡ ಮೇಲೇ ಫೋನ್ ಬಿಚ್ಚಬೇಕು. ಖರ್ಚು ಅದಕ್ಕಿಂತ ಜಾಸ್ತಿಯಾಗುವ ಹಾಗಿದ್ದರೆ ಕೆಲಸ ನಿಲ್ಲಿಸಿ, ಕರೆ ಮಾಡಿ ಕೇಳಬೇಕು.

ಬರೆದದ್ದು ಸರಿಯಿದೆಯಾ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಇಬ್ಬರನ್ನು ಕೂರಿಸಿ, ಒಂದೇ ಗ್ರಾಹಕರ ವ್ಯವಹಾರ ನೋಡಿ ಬೇರೆ ಬೇರೆಯಾಗಿ "ಆಯ್ತು" ಅಥವಾ "ಆಗಿಲ್ಲ" ಅಂತ ಗುರುತು ಹಾಕಲು ಹೇಳಿ. ಯಾವ ಸಾಲಿನಲ್ಲಿ ಇಬ್ಬರ ಗುರುತು ಕೂಡುವುದಿಲ್ಲವೋ ಆ ಸಾಲನ್ನು ತಿದ್ದಿ. ಇದನ್ನು ನಿಮ್ಮ ಈಗಿನ ಮಳಿಗೆಯಲ್ಲೇ ಮುಗಿಸಿಕೊಳ್ಳಿ.

ತರಬೇತಿಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗಾಗಿ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಈಗಲೂ ನನಗೆ ಬಹಳ ಇಷ್ಟ. ಕಲಿಯುವವರನ್ನು ಸಿದ್ಧಮಾಡಿ, ಮಾಡಿ ತೋರಿಸಿ, ಅವರ ಕೈಯಲ್ಲಿ ಮಾಡಿಸಿ, ಆಮೇಲೂ ಹೋಗಿ ನೋಡುತ್ತಿರಿ. ಮೂರನೇ ಹೆಜ್ಜೆಯಲ್ಲಿ ಅವರು ಕೆಲಸ ಮಾಡುತ್ತಲೇ ಯಾಕೆ ಹಾಗೆ ಮಾಡಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಕಾರಣ ಗೊತ್ತಿಲ್ಲದವರು ರಶ್ ಜಾಸ್ತಿಯಾದ ಕೂಡಲೇ ಆ ಕೆಲಸ ಬಿಟ್ಟುಬಿಡುತ್ತಾರೆ. "ಕಲಿತಿದ್ದಾರೆ" ಅಂತ ಸಹಿ ಹಾಕುವವರು ಕಲಿಸಿದವರೇ ಆಗಿರಬಾರದು.

ತಪಾಸಣೆಯಲ್ಲಿ ಒಟ್ಟು ಅಂಕ ನೋಡಿ ಸಮಾಧಾನಪಡಬೇಡಿ. ಬೋರ್ಡು, ಸಮವಸ್ತ್ರ, ಸ್ವಚ್ಛತೆ ಎಲ್ಲದರಲ್ಲೂ ಪೂರ್ತಿ ಅಂಕ ತಗೊಂಡ ಮಳಿಗೆ, ಒಪ್ಪಿಗೆ ಕೇಳದೆ ಫೋನ್ ಬಿಚ್ಚಿದರೂ ನೂರಕ್ಕೆ ತೊಂಬತ್ತು ಬರಬಹುದು ಅಲ್ವಾ? ಹಾಗಾಗಿ ಒಪ್ಪಿಗೆ, ಗ್ರಾಹಕರ ಡೇಟಾ, ಬಿಡಿಭಾಗದ ಗುಣಮಟ್ಟ, ಈ ಮೂರರಲ್ಲಿ ಒಂದು ತಪ್ಪಿದರೂ ಇಡೀ ತಪಾಸಣೆ ಫೇಲ್ ಅಂತ ಇಡಿ.

ಬ್ರ್ಯಾಂಡ್ ನಿಯಮ ಕಡಿಮೆ ಇರಲಿ. ಹೆಸರು, ಲೋಗೊ, ಜಾಬ್ ಕಾರ್ಡ್, ವಾರಂಟಿಯ ಮಾತು, ಇವನ್ನು ಯಾರೂ ಬದಲಿಸುವಂತಿಲ್ಲ. ಒಳಗಿನ ಕುರ್ಚಿ, ಬಾಗಿಲು ತೆರೆಯುವ ಹೊತ್ತು ಮಳಿಗೆಯವರಿಗೇ ಬಿಡಿ.

ಫ್ರಾಂಚೈಸಿ ಒಪ್ಪಂದ ಬರೆಸುವಾಗ ಈ ವಿವರಗಳನ್ನೆಲ್ಲ ಒಪ್ಪಂದದೊಳಗೆ ತುರುಕಬೇಡಿ. "ಕಾಲಕಾಲಕ್ಕೆ ತಿದ್ದಿದ ಕೈಪಿಡಿಯಂತೆ ನಡೆಯಬೇಕು" ಅನ್ನುವ ಷರತ್ತು ಹಾಕಿಸಿ. ಇಲ್ಲದಿದ್ದರೆ ಜಾಬ್ ಕಾರ್ಡಿನಲ್ಲಿ ಒಂದು ಸಾಲು ಸೇರಿಸಲೂ ಎಲ್ಲರ ಜೊತೆ ಮತ್ತೆ ಸಹಿ ಮಾಡಿಕೊಳ್ಳುವ ಪರಿಸ್ಥಿತಿ ಬರಬಹುದು. ಷರತ್ತಿನ ಮಾತನ್ನು ಮಾತ್ರ ವಕೀಲರಿಗೆ ತೋರಿಸಿಯೇ ಅಂತಿಮ ಮಾಡಿ.