ಇಬ್ಬರು ಬೇಕಾದ ಕಡೆ ಮೂವರು

"ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಒಂಬತ್ತು ಜನರ ಸಾಫ್ಟ್‌ವೇರ್ ಸಂಸ್ಥೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ಪಾಲುದಾರಿಕೆಗಾಗಿ, ಅದರ ನಿರ್ವಹಣೆಯ AZ-104 ಪರೀಕ್ಷೆ ಪಾಸಾದ ಇಬ್ಬರನ್ನು ಇಟ್ಟುಕೊಂಡಿದ್ದೇವೆ. ಅವರಲ್ಲಿ ಒಬ್ಬರು ಪುಣೆಯ ಕೆಲಸಕ್ಕೆ ಹೊರಟಿದ್ದಾರೆ. ನಮ್ಮ ಮಾನ್ಯತೆ ಹೋಗುತ್ತದೆಯೇ?"
– ಓದುಗರೊಬ್ಬರು, ಬೆಳಗಾವಿ

ಮಾನ್ಯರೇ,

ಕೂಡಲೇ ಹೋಗುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಪಾಲುದಾರ ಸಂಸ್ಥೆಗಳಿಗೆ ಕೊಡುವ ಸಲ್ಯೂಷನ್ಸ್ ಪಾರ್ಟ್‌ನರ್ ಮಾನ್ಯತೆ ಒಮ್ಮೆ ದೊರೆತರೆ ಅದರ ವಾರ್ಷಿಕ ದಿನಾಂಕದವರೆಗೆ ಉಳಿಯುತ್ತದೆ. ನವೀಕರಣಕ್ಕೆ ಮಾತ್ರ ನೂರರಲ್ಲಿ ಕನಿಷ್ಠ 70 ಅಂಕಗಳು ಮತ್ತೆ ಇರಬೇಕು ಮತ್ತು ಹೊಸ ಗ್ರಾಹಕರು, ನೌಕರರ ಪ್ರಮಾಣಪತ್ರ, ಗ್ರಾಹಕರ ಬಳಕೆ ಎಂಬ ಯಾವ ವಿಭಾಗದಲ್ಲೂ ಸೊನ್ನೆ ಇರಬಾರದು. ಆದ್ದರಿಂದ ಮೊದಲು ಆ ದಿನಾಂಕವನ್ನು ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿರಿ.

ದಿನವೂ ಅಜೂರ್‌ನಲ್ಲಿ ಕೆಲಸ ಮಾಡುವವರಿಗೂ ಸಂಜೆಗೊಂದು ತಾಸು ಓದಿ AZ-104ಕ್ಕೆ ಸಿದ್ಧರಾಗಲು ಸುಮಾರು ಹತ್ತು ವಾರ ಹಿಡಿಯುತ್ತದೆ ಎಂದು ಇಟ್ಟುಕೊಳ್ಳೋಣ. ನಿಮ್ಮಲ್ಲಿ ನೋಟಿಸ್ ಅವಧಿ ಮೂವತ್ತು ದಿನಗಳಾಗಿದ್ದರೆ, ರಾಜೀನಾಮೆ ಪತ್ರ ಕೈಗೆ ಬಂದ ಮೇಲೆ ತಯಾರಿ ಶುರುಮಾಡಿದವರು ಅಷ್ಟರೊಳಗೆ ಮುಗಿಸಲಾರರು. ಇಬ್ಬರು ಬೇಕಾದ ಕಡೆ ಮೂವರನ್ನು ಯಾವಾಗಲೂ ಸಿದ್ಧವಾಗಿಡಬೇಕೆಂದು ನಾನು ಹೇಳುವುದು ಇದಕ್ಕಾಗಿ. ಮೂರನೆಯವರಾಗಿ ಗ್ರಾಹಕರ ಸರ್ವರ್ ನೋಡಿಕೊಳ್ಳುವವರನ್ನೇ ಆರಿಸಿರಿ. ಅಂಥವರಿಗೆ ಸ್ಟೋರೇಜ್, ವರ್ಚುವಲ್ ಮಷೀನ್‌ಗಳ ಬಳಕೆ ಇರುತ್ತದೆ. ಎಡವುವುದು ಹೆಚ್ಚಾಗಿ ನೆಟ್‌ವರ್ಕ್ ಭಾಗದಲ್ಲಿ, ಸಬ್‌ನೆಟ್ ಲೆಕ್ಕದಲ್ಲಿ. ಮೊದಲ ಸಲ ಅನುತ್ತೀರ್ಣರಾದವರು 24 ಗಂಟೆಗಳ ನಂತರ ಮತ್ತೆ ಬರೆಯಬಹುದು, ಆಮೇಲಿನ ಪ್ರಯತ್ನಗಳಿಗೆ 14 ದಿನ ಕಾಯಬೇಕು. ಹಾಗಾಗಿ ಮೊದಲ ಪರೀಕ್ಷೆ ವಾರ್ಷಿಕ ದಿನಾಂಕಕ್ಕಿಂತ ಒಂದೂವರೆ ತಿಂಗಳಾದರೂ ಮುಂಚೆ ಇರಲಿ.

ಪಾಸಾಗುವುದೊಂದೇ ಸಾಲದು. ನಾನು ಕಂಡ ಒಂದು ಕಚೇರಿಯಲ್ಲಿ ಪ್ರಮಾಣಪತ್ರ ಚೌಕಟ್ಟಿನಲ್ಲಿ ಗೋಡೆಗೆ ತೂಗುತ್ತಿತ್ತು, ಮೈಕ್ರೋಸಾಫ್ಟ್‌ನ ಪಾಲುದಾರರ ಜಾಲತಾಣವಾದ ಪಾರ್ಟ್‌ನರ್ ಸೆಂಟರ್‌ನ ಲೆಕ್ಕದಲ್ಲಿ ಮಾತ್ರ ಆ ಹೆಸರೇ ಇರಲಿಲ್ಲ. ಆ ತರುಣ ಸ್ವಂತ ಖಾತೆಯಿಂದ ಪರೀಕ್ಷೆ ಬರೆದಿದ್ದ. ಅದರಲ್ಲಿ ತಪ್ಪಿಲ್ಲ, ಆದರೆ ಪ್ರಮಾಣಪತ್ರಗಳು ದಾಖಲಾಗುವ ತನ್ನ ಮೈಕ್ರೋಸಾಫ್ಟ್ ಲರ್ನ್ ಪ್ರೊಫೈಲನ್ನು ಸಂಸ್ಥೆಯ ಖಾತೆಗೆ ಜೋಡಿಸಿರಲಿಲ್ಲ. ಫಲಿತಾಂಶ ಬಂದ ವಾರವೇ ಈ ಜೋಡಣೆಯನ್ನು ಎದುರಿಗೆ ಕುಳಿತು ಮಾಡಿಸಿರಿ, ಹೆಸರು ಕಾಣಿಸಿತೇ ಎಂದು ಕೆಲವು ದಿನ ಬಿಟ್ಟು ಪರಿಶೀಲಿಸಿರಿ.

ಇನ್ನು ಅವಧಿಯ ವಿಚಾರ. AZ-104 ಪ್ರಮಾಣಪತ್ರದ ಅವಧಿ ಒಂದೇ ವರ್ಷ. ಮುಕ್ತಾಯಕ್ಕೆ ಆರು ತಿಂಗಳು ಇರುವಾಗಿನಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು. ಹೊಸ ವರ್ಷ ಹಳೆಯ ಮುಕ್ತಾಯದ ದಿನದಿಂದಲೇ ಸೇರುವುದರಿಂದ ಬೇಗ ಮುಗಿಸಿದವರಿಗೆ ನಷ್ಟವಿಲ್ಲ. ಗಡುವು ಮೀರಿದರೆ ಹಣ ಕಟ್ಟಿ ಇಡೀ ಪರೀಕ್ಷೆಯನ್ನು ಮತ್ತೆ ಬರೆಯಬೇಕಾಗುತ್ತದೆ.

ಪ್ರಮಾಣಪತ್ರ ವ್ಯಕ್ತಿಯ ಹೆಸರಿನದು, ಸಂಸ್ಥೆಯದಲ್ಲ. ಅದನ್ನು ಹಿಡಿದಿಡಲು ನೌಕರರ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಡುವ ರೂಢಿ ನಮ್ಮ ಕಡೆಯೂ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಪರೀಕ್ಷೆಯ ಶುಲ್ಕವನ್ನು ಸಂಸ್ಥೆ ಕಟ್ಟಿ, ವರ್ಷದೊಳಗೆ ಬಿಟ್ಟರೆ ಅಷ್ಟನ್ನೇ ಹಿಂದಿರುಗಿಸಬೇಕೆಂಬ ಒಪ್ಪಂದವನ್ನು ಮೊದಲೇ ಬರೆದುಕೊಂಡರೆ ಇಬ್ಬರಿಗೂ ನ್ಯಾಯವಾಗುತ್ತದೆ.

ಮೂರನೆಯವರ ಶುಲ್ಕ ಕಟ್ಟುವ ಮುನ್ನ ಹೊಸ ಗ್ರಾಹಕರ ಮತ್ತು ಬಳಕೆಯ ಅಂಕಗಳನ್ನೂ ನೋಡಿ. ಅಲ್ಲಿ ಸೊನ್ನೆಯಿದ್ದರೆ ಈ ವರ್ಷ ನಿಮ್ಮ ದುಡ್ಡು, ವೇಳೆ ಎರಡೂ ಮೊದಲು ಆ ಕಡೆಗೇ ಹೋಗಬೇಕು.

– ಸಂಪಾದಕ