1050 ಗುರಿ ಇಟ್ಟುಕೊಂಡು 1100ರ ಕಾಲ್ ಕೊಳ್ಳಬಹುದಾ?

"ಶೇರು ಈಗ 1000. ಎಕ್ಸ್‌ಪೈರಿಗೆ ಒಂದು ತಿಂಗಳಿದೆ. 1050ರ ತನಕ ಹೋಗಬಹುದು ಅನ್ಸುತ್ತೆ. 900ರ ಕಾಲ್ 104, 1000ದ್ದು 34, 1100ರದ್ದು ಬರೀ 6. ಹೋದ್ರೂ 6 ತಾನೇ, ಅದನ್ನೇ ತಗೊಳ್ಳಲಾ?"

ಗುರಿ 1050 ಆದರೆ 1100 ಬೇಡ. ಕಾಲ್ ಅಂದರೆ ಶೇರನ್ನು ಸ್ಟ್ರೈಕ್ ಅನ್ನುವ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು, ಎಕ್ಸ್‌ಪೈರಿ ಅಂದರೆ ಅದರ ಅವಧಿ ಮುಗಿಯುವ ದಿನ. ಎಕ್ಸ್‌ಪೈರಿ ದಿನ ಶೇರು 1050ಕ್ಕೇ ನಿಂತಿತು ಅಂತಿಟ್ಟುಕೊಳ್ಳಿ. ನಿಮ್ಮ ಅಂದಾಜು ನಿಜವಾಯಿತು, ಆದರೆ ಆ ಕಾಲ್‌ನ ಬೆಲೆ ಸೊನ್ನೆ. ಅದರ ಬ್ರೇಕ್‌ಈವನ್, ಅಂದರೆ ಹಾಕಿದ ಹಣ ವಾಪಸ್ ಬರುವ ಮಟ್ಟ, 1106 ಅಲ್ವಾ? ಅದೇ ದಿನ 1000ದ ಕಾಲ್‌ಗೆ 50 ಬರುತ್ತದೆ, 34 ಕಳೆದರೆ 16 ಲಾಭ. 900ರದ್ದಕ್ಕೆ 150 ಬರುತ್ತದೆ, ಲಾಭ 46. ಇನ್ನು "6 ತಾನೇ" ಅಂದವರು ಒಂದಕ್ಕೇ ನಿಲ್ಲುವುದು ಕಡಿಮೆ. 900ರ ಒಂದು ಕಾಲ್‌ನ 104ರಲ್ಲಿ ಇಂಥವು 17 ಬರುತ್ತವೆ ಅಂತ ಲೆಕ್ಕ ಹಾಕುತ್ತಾರೆ. ಆಗ ಹೋಗುವುದು 6 ಅಲ್ಲ, 102.

ಆದರೆ ಬ್ರೇಕ್‌ಈವನ್ ಎಕ್ಸ್‌ಪೈರಿ ದಿನದ ಲೆಕ್ಕ. ಮೊದಲೇ ಮಾರಿ ಹೊರಬರುವವರಿಗೆ ಡೆಲ್ಟಾ, ಅಂದರೆ ಶೇರು 1 ಏರಿದರೆ ಕಾಲ್ ಎಷ್ಟು ಏರುತ್ತದೆ ಅನ್ನುವುದು ಮುಖ್ಯ. ಈ ಬೆಲೆಗಳಲ್ಲಿ 900ಕ್ಕೆ ಡೆಲ್ಟಾ ಸುಮಾರು 0.90, 1000ಕ್ಕೆ 0.52, 1100ಕ್ಕೆ 0.14. ಅಂದರೆ ಶೇರು 10 ಏರಿದರೆ 900ರ ಕಾಲ್ ಹತ್ತಿರ ಹತ್ತಿರ 9 ಏರುತ್ತದೆ, 1100ರದ್ದು ಒಂದೂವರೆಯಷ್ಟೇ. ಹಾಗಂತ 1100ರದ್ದು ಯಾವಾಗಲೂ ದಂಡ ಅಲ್ಲ. ಶೇರು ಒಂದೇ ವಾರದಲ್ಲಿ 1050 ಮುಟ್ಟಿದರೆ 6ರ ಕಾಲ್ ಸುಮಾರು 13 ಆಗುತ್ತದೆ, ಉಳಿದದ್ದೆಲ್ಲ ಹಾಗೇ ಇದ್ದರೆ. ಅದೇ 1050ಕ್ಕೆ ಎಕ್ಸ್‌ಪೈರಿಗೆ ಎರಡು ದಿನ ಇರುವಾಗ ಬಂದರೆ ಅರ್ಧ ರೂಪಾಯಿಯೂ ಸಿಗಲಿಕ್ಕಿಲ್ಲ. ಹಾಗಾಗಿ ಎಷ್ಟು ಏರುತ್ತದೆ ಅನ್ನುವುದರ ಜೊತೆಗೆ ಯಾವಾಗ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು "ಡೆಲ್ಟಾ 0.14 ಅಂದ್ರೆ ಲಾಭ ಆಗೋ ಸಾಧ್ಯತೆ ನೂರಕ್ಕೆ 14" ಅಂದಿದ್ದಾರೆ. ಅರ್ಧ ಸರಿ. ಅದು ಎಕ್ಸ್‌ಪೈರಿಗೆ 1100 ದಾಟುವ ಸಾಧ್ಯತೆಯ ಒರಟು ಅಂದಾಜು. ಲಾಭಕ್ಕೆ 1106 ದಾಟಬೇಕು, ಅದು ಇನ್ನೂ ಕಡಿಮೆ.

"ಐಟಿಎಂ ಸೇಫ್" ಅನ್ನುವ ಮಾತೂ ಬಂದಿದೆ. ಐಟಿಎಂ ಅಂದರೆ 900ರಂತೆ ಶೇರಿನ ಈಗಿನ ಬೆಲೆಗಿಂತ ಕೆಳಗಿನ ಸ್ಟ್ರೈಕ್‌ನ ಕಾಲ್. ಶೇರು 950ಕ್ಕೆ ಇಳಿದು ಮುಗಿದರೆ 900ರ ಕಾಲ್‌ನಲ್ಲಿ 54 ನಷ್ಟ, 1000ದ್ದರಲ್ಲಿ 34. ಸೇಫ್ ಎಲ್ಲಿ ಬಂತು? ಜೊತೆಗೆ ಇಂಥ ಸ್ಟ್ರೈಕ್‌ಗಳಲ್ಲಿ ವ್ಯಾಪಾರ ತೆಳು. ಬಿಡ್ 100, ಆಸ್ಕ್ 108 ಇದ್ದು 108ಕ್ಕೇ ಕೊಂಡರೆ 1004ರ ಬ್ರೇಕ್‌ಈವನ್ ಅಲ್ಲೇ 1008 ಆಯಿತು. ಲಿಮಿಟ್ ಆರ್ಡರ್ ಹಾಕಿ ಕಾಯಿರಿ.

ನಿಮ್ಮ 1050ಕ್ಕೆ ನಾನಾಗಿದ್ದರೆ 1000 ನೋಡುತ್ತಿದ್ದೆ, ಬಿಡ್, ಆಸ್ಕ್ ನಡುವಿನ ಅಂತರ ಕಡಿಮೆ ಇದ್ದರೆ 950ನ್ನೂ. ಮುಂದೆ ಫಲಿತಾಂಶ ಪ್ರಕಟಣೆ ಏನಾದರೂ ಇದೆಯಾ? ಇದ್ದರೆ ಪ್ರೀಮಿಯಂ, ಅಂದರೆ ಕಾಲ್‌ನ ಬೆಲೆ, ಮೊದಲೇ ಉಬ್ಬಿರುತ್ತದೆ, ಸುದ್ದಿ ಬಂದ ಮೇಲೆ ಆ ಉಬ್ಬು ಇಳಿಯುತ್ತದೆ. ಆಗ ಈ ಆಯ್ಕೆ ಬದಲಾದರೂ ಆಗಬಹುದು.