ಎರಡು ರೈಲಿನ ಲೆಕ್ಕ ಸರಿ ಬಂತಾ ಅಂತ ಉತ್ತರ ನೋಡದೆ ತಿಳಿಯುವುದು ಹೇಗೆ?

ಪ್ರಶ್ನೆ: 140 ಮೀಟರ್ ಉದ್ದದ ರೈಲು ಗಂಟೆಗೆ 68 ಕಿ.ಮೀ. ವೇಗದಲ್ಲಿ, 160 ಮೀಟರ್ ಉದ್ದದ ರೈಲು 49 ಕಿ.ಮೀ. ವೇಗದಲ್ಲಿ ಎದುರುಬದುರು ಬರುತ್ತಿವೆ. ಒಂದನ್ನೊಂದು ದಾಟಲು ಎಷ್ಟು ಹೊತ್ತು? ನನಗೆ 2.56 ಸೆಕೆಂಡ್ ಬಂತು. ಇದು ಸರಿಯಾ ಅಂತ ನಾನೇ ಪರೀಕ್ಷಿಸೋದು ಹೇಗೆ?

ಉತ್ತರ:

2.56 ಆಗಲು ಸಾಧ್ಯವಿಲ್ಲ. ಪೆನ್ನು ಹಿಡಿಯದೆಯೇ ಇದನ್ನು ಹೇಳಬಹುದು.

ನಾನು ಮೊದಲು ಮಾಡುವುದು ಇಷ್ಟೇ: ನಿಧಾನದ ರೈಲನ್ನು ಮನಸ್ಸಿನಲ್ಲೇ ನಿಲ್ಲಿಸಿಬಿಡುತ್ತೇನೆ. ಆಗ ಓಡುತ್ತಿರುವುದು 68ರದ್ದು ಮಾತ್ರ. ಕಿ.ಮೀ. ಲೆಕ್ಕವನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ಅಂದಾಜು ಮಾಡಲು ಒಂದು ಸುಲಭ ದಾರಿ ಇದೆ. ಕಾಲು ಭಾಗ ತೆಗೆದುಕೊಳ್ಳಿ, ಆ ಕಾಲಿಗೆ ಅದರ ಹತ್ತನೇ ಒಂದು ಭಾಗ ಸೇರಿಸಿ. 68ರ ಕಾಲು 17, ಅದಕ್ಕೆ 1.7 ಸೇರಿಸಿದರೆ ಸುಮಾರು 19. 5/18ರಿಂದ ಗುಣಿಸಿದರೆ ಬರುವುದಕ್ಕೂ ಇದಕ್ಕೂ ಶೇ. 1ರಷ್ಟು ಮಾತ್ರ ವ್ಯತ್ಯಾಸ.

ಪೂರ್ತಿ ದಾಟಬೇಕಾದರೆ ಎರಡೂ ರೈಲುಗಳ ಉದ್ದ ಸೇರಿ 300 ಮೀಟರ್. 300ನ್ನು 19ರಿಂದ ಭಾಗಿಸಿದರೆ ಸುಮಾರು 16 ಸೆಕೆಂಡ್. ಈಗ ನಿಲ್ಲಿಸಿದ್ದ ರೈಲನ್ನು ಎದುರಿಗೆ ಓಡಿಸಿ. ಹೊತ್ತು 16ಕ್ಕಿಂತ ಕಡಿಮೆ ಆಗಲೇಬೇಕು, ಅಲ್ವಾ? ಎಷ್ಟು ಕಡಿಮೆ? ಅದೂ 68ರಲ್ಲೇ ಓಡಿದ್ದರೆ ವೇಗ ಎರಡರಷ್ಟಾಗಿ ಹೊತ್ತು ಅರ್ಧ, ಅಂದರೆ 8 ಆಗುತ್ತಿತ್ತು. ಅದು ಅಷ್ಟು ಜೋರಾಗಿ ಓಡುತ್ತಿಲ್ಲ. ಹಾಗಾಗಿ ಉತ್ತರ 8 ಮತ್ತು 16ರ ನಡುವೆಯೇ ಇರಬೇಕು. 49 ಎನ್ನುವುದು ಸೊನ್ನೆಗಿಂತ 68ಕ್ಕೆ ಹತ್ತಿರ, ಆದ್ದರಿಂದ 8ರ ಕಡೆಗೇ ಜಾಸ್ತಿ ವಾಲುತ್ತದೆ. ನಿಮ್ಮ 2.56 ಈ ಬೇಲಿಯ ಹೊರಗೇ ಉಳಿಯಿತು.

ತಪ್ಪು ಎಲ್ಲಾಯಿತು ಅನ್ನುವುದನ್ನೂ ಅಂದಾಜೇ ತೋರಿಸುತ್ತದೆ. ಉತ್ತರ 9ರ ಆಸುಪಾಸು ಇರಬೇಕು ಅಂದುಕೊಳ್ಳಿ. 9ನ್ನು 2.56ರಿಂದ ಭಾಗಿಸಿದರೆ 3.5. ಈ ಲೆಕ್ಕಗಳಲ್ಲಿ 3.5, 3.6 ಕಂಡರೆ ನನ್ನ ಕಣ್ಣು ನೇರ ಕಿ.ಮೀ.–ಮೀಟರ್ ಪರಿವರ್ತನೆಗೆ ಹೋಗುತ್ತದೆ. 18/5 ಅಂದರೆ 3.6 ತಾನೇ? ನೀವು 300 ಮೀಟರನ್ನು ಗಂಟೆಗೆ 117 ಕಿ.ಮೀ. ಅನ್ನುವ ವೇಗದಿಂದ ನೇರವಾಗಿ ಭಾಗಿಸಿದ್ದೀರಿ. 117ನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 32.5 ಮೀಟರ್. 300 ಭಾಗಿಸು 32.5, ಅಂದರೆ 9.23 ಸೆಕೆಂಡ್. ಪರಿವರ್ತನೆಯನ್ನು ತಲೆಕೆಳಗು ಮಾಡಿ 18/5ರಿಂದ ಗುಣಿಸಿದ್ದರೆ ಸೆಕೆಂಡಿಗೆ 421 ಮೀಟರ್ ಬರುತ್ತಿತ್ತು. ಗಾಳಿಯಲ್ಲಿ ಶಬ್ದದ ವೇಗವೇ ಸುಮಾರು 340!

ಎರಡು ರೈಲೂ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಇದೇ 16 ತಿರುಗಿ ನಿಲ್ಲುತ್ತದೆ: ಹೊತ್ತು 16ಕ್ಕಿಂತ ಜಾಸ್ತಿ ಇರಬೇಕು. ಆದರೆ ಮೇಲ್ಮಿತಿ ಇಲ್ಲ. ಇಲ್ಲಿ ವ್ಯತ್ಯಾಸ 19 ಕಿ.ಮೀ., ಹಾಗಾಗಿ ಸುಮಾರು 57 ಸೆಕೆಂಡ್ ಬರುತ್ತದೆ. ಈ ಕಡೆ ಅಂದಾಜು ಮಾಡುವಾಗ ಒಂದು ಎಚ್ಚರ ಬೇಕು. ಮೊದಲು ಕಳೆಯಿರಿ, ಆಮೇಲೆ ದುಂಡು ಮಾಡಿ. ವೇಗಗಳು 52 ಮತ್ತು 49 ಇದ್ದು, ಎರಡನ್ನೂ ಸುಮ್ನೆ 50 ಅಂತ ಮಾಡಿಬಿಟ್ಟರೆ ವ್ಯತ್ಯಾಸ ಸೊನ್ನೆ, ರೈಲು ಎಂದೂ ದಾಟುವುದೇ ಇಲ್ಲ! ಕೂಡುವಾಗ ಒಂದೆರಡು ಕಿ.ಮೀ. ಹೆಚ್ಚುಕಮ್ಮಿ ನಡೆಯುತ್ತದೆ, ಕಳೆಯುವಾಗ ಅದೇ ಉತ್ತರವನ್ನು ಕೆಡಿಸುತ್ತದೆ.

ಬೇಲಿಯೊಳಗೆ ಬಿದ್ದ ಉತ್ತರವನ್ನು ಒಮ್ಮೆ ವಾಪಸ್ ಹಾಕಿ ನೋಡಿ. 9.23 ಸೆಕೆಂಡಿನಲ್ಲಿ ಮೊದಲ ರೈಲು ಸುಮಾರು 174 ಮೀಟರ್ ಹೋಗುತ್ತದೆ, ಎರಡನೆಯದು 126. ಸೇರಿ 300, ಸರಿಹೋಯಿತು. ನಿಮ್ಮ 2.56 ಹಾಕಿದರೆ 48 ಮತ್ತು 35, ಬರೀ 83 ಮೀಟರ್.

ಈ ಎರಡು ಪರೀಕ್ಷೆಗಳೂ ಹಿಡಿಯದ ತಪ್ಪೊಂದಿದೆ: ಉದ್ದ. ಯಾರಾದರೂ 300ರ ಬದಲು 160 ಮಾತ್ರ ತೆಗೆದುಕೊಂಡು ಆ 160ರಿಂದಲೇ ಬೇಲಿ ಹಾಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೆ ಎರಡು ಗೆರೆ ಎಳೆದು ನೋಡುವುದೇ ದಾರಿ. ಎಂಜಿನ್ ಎಂಜಿನ್ ಸೇರುವಾಗ ಶುರು, ಕೊನೆಯ ಬೋಗಿ ಕೊನೆಯ ಬೋಗಿಯನ್ನು ಬಿಡುವಾಗ ಮುಗಿಯಿತು. ಆ ನಡುವೆ ಎರಡೂ ಉದ್ದ ಸರಿಯಬೇಕು. ಆದರೆ ಪ್ರಶ್ನೆಯಲ್ಲಿ ‘ಮೊದಲ ರೈಲಿನಲ್ಲಿ ಕುಳಿತವನ ಎದುರು ಇನ್ನೊಂದು ರೈಲು ಎಷ್ಟು ಹೊತ್ತಿನಲ್ಲಿ ಹಾದುಹೋಯಿತು’ ಅಂತ ಕೇಳಿದ್ದರೆ 160 ಮೀಟರೇ ಸರಿ, ಉತ್ತರವೂ ಸುಮಾರು 5 ಸೆಕೆಂಡ್. ಕುಳಿತವನಿಗೆ ಉದ್ದವಿಲ್ಲ, ತನ್ನ ರೈಲಿನ ಉದ್ದ ಅವನ ಲೆಕ್ಕಕ್ಕೆ ಬರುವುದಿಲ್ಲ.